ಫೋಟೊದಲ್ಲಿ ವ್ಯಾಲೆಟ್ ಲೋಗೋದ ಆಳ ಮತ್ತು ಅಕ್ಷರಗಳ ಅಂತರ ಓದುವುದು

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲೂಯಿ ವಿಟಾನ್ ವ್ಯಾಲೆಟ್ ತಗೊಳ್ಳೋಣ ಅಂತಿದ್ದೀನಿ. ಮಾರುವವರು ಒಳಗಿನ ಲೋಗೋದ ಮೂರು ಕ್ಲೋಸಪ್ ಫೋಟೊ ಕಳಿಸಿದ್ದಾರೆ. ಒಂದರಲ್ಲಿ ಅಚ್ಚು ಆಳವಾಗಿ ಕಾಣುತ್ತೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತೆ. ಅಕ್ಷರಗಳೂ ಸ್ವಲ್ಪ ಒತ್ತೊತ್ತಾಗಿವೆ. ನಕಲಿ ಅಂತ ಹೇಗೆ ಗೊತ್ತಾಗುತ್ತೆ?

ಆಳದ ವಿಷಯಕ್ಕೆ ಸದ್ಯ ತಲೆ ಕೆಡಿಸಿಕೊಳ್ಳಬೇಡಿ. ಫೋಟೊದಲ್ಲಿ ನಿಮಗೆ ಕಾಣುತ್ತಿರುವುದು ಆಳವಲ್ಲ, ನೆರಳು. ಅಚ್ಚು 0.2 ಮಿ.ಮೀ. ತಗ್ಗಾಗಿದೆ ಎಂದುಕೊಳ್ಳಿ. ಬೆಳಕು 45 ಡಿಗ್ರಿ ಓರೆಯಲ್ಲಿ ಬಿದ್ದರೆ ನೆರಳೂ ಅಷ್ಟೇ, 0.2 ಮಿ.ಮೀ. ಅದೇ ಬೆಳಕು 15 ಡಿಗ್ರಿಗೆ ಇಳಿದರೆ ನೆರಳು ಸುಮಾರು 0.75 ಮಿ.ಮೀ. ಆಗುತ್ತದೆ, ಅಂದರೆ ಅಕ್ಷರದ ಗೆರೆ ಪೂರ್ತಿ ಕಪ್ಪಾಗಿ ಗುಂಡಿಯಂತೆ ಕಾಣುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ನೆರಳೇ ಇರದೆ ಚರ್ಮ ಸಪಾಟಾಗಿ ಕಾಣುತ್ತದೆ. ನಿಮ್ಮ ಮೂರು ಫೋಟೊಗಳ ವ್ಯತ್ಯಾಸಕ್ಕೆ ಇಷ್ಟೇ ಕಾರಣವಿರಬಹುದು.

ಆಳಕ್ಕಿಂತ ಅಚ್ಚಿನ ಅಂಚು ಮತ್ತು ತಳ ಹೆಚ್ಚು ಹೇಳುತ್ತವೆ. ಬಿಸಿ ಲೋಹವನ್ನು ಚರ್ಮದ ಮೇಲೆ ಒತ್ತುವಾಗ ಶಾಖ, ಒತ್ತಡ, ಸಮಯ ಮೂರೂ ಸರಿಯಾಗಿದ್ದರೆ ಗೆರೆಯ ಅಂಚು ಚೂಪಾಗಿ, ತಳ ಸಮತಟ್ಟಾಗಿ ಬರುತ್ತದೆ. ಶಾಖ ಹೆಚ್ಚಾದರೆ ಗೆರೆಯ ಸುತ್ತ ಚರ್ಮ ಮಿರುಗುತ್ತದೆ ಅಥವಾ ಕಪ್ಪಾಗುತ್ತದೆ, ಅಂಚು ಉಬ್ಬಿ ಅಲೆಅಲೆಯಾಗುತ್ತದೆ. ಚಿನ್ನದ ಫಾಯಿಲ್ ಇದ್ದರೆ ಅದು ಗೆರೆ ದಾಟಿ ಓ ಅಕ್ಷರದ ಹೊಟ್ಟೆಯೊಳಕ್ಕೂ ಹರಡಿರುತ್ತದೆ. ಶಾಖ ಕಡಿಮೆಯಾದರೆ ಚರ್ಮದ ರೇಖೆಗಳು ಅಚ್ಚಿನ ತಳದಲ್ಲಿ ಹಾಗೇ ಉಳಿಯುತ್ತವೆ. ಹಳೆಯ ವ್ಯಾಲೆಟ್‌ನಲ್ಲಿ ಫಾಯಿಲ್ ಸವೆದು ಹೋಗುವುದು ಸಹಜ, ಆದರೆ ಬಣ್ಣ ಹೋದ ಜಾಗದಲ್ಲಿ ತಗ್ಗು ಉಳಿದಿರಬೇಕು. ಬಣ್ಣ ಹೋದಲ್ಲಿ ಚರ್ಮ ನುಣ್ಣಗಿದ್ದರೆ ಅದು ಅಚ್ಚಲ್ಲ, ಬರೀ ಮುದ್ರಣ. ಈ ಒಂದು ಗುರುತನ್ನು ನಾನು ತುಂಬಾ ನಂಬುತ್ತೇನೆ.

ಈಗ ಅಂತರ. ಇಡೀ ಹೆಸರು ಒಂದೇ ಲೋಹದ ಅಚ್ಚಿನಲ್ಲಿ ಕೊರೆದಿರುತ್ತದೆ. ಒತ್ತಡ ಹೆಚ್ಚಾದರೆ ಗೆರೆಗಳು ದಪ್ಪವಾಗಿ ನಡುವಿನ ಸಂದು ಕಿರಿದಾಗುತ್ತದೆ, ಆದರೆ ಒಂದು ಗೆರೆಯ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಇರುವ ದೂರ ಬದಲಾಗುವುದಿಲ್ಲ. ಹಾಗಾಗಿ ಸಂದನ್ನು ಅಳೆಯಬೇಡಿ, ನಡುವಿನಿಂದ ನಡುವಿಗೆ ಅಳೆಯಿರಿ. ನೀವು ಹೇಳಿದ ‘ಒತ್ತೊತ್ತು’ ಬರೀ ದಪ್ಪ ಗೆರೆಯೋ ಬೇರೆಯದೇ ಅಚ್ಚೋ ಎಂಬುದು ಇಲ್ಲೇ ತಿಳಿಯುತ್ತದೆ.

ವಿಟಾನ್ ಪದದ ಎರಡು ಟಿ ಅಳೆಯಲು ಒಳ್ಳೆಯ ಜಾಗ, ಅಸಲಿಯಲ್ಲಿ ಅವು ತೀರಾ ಹತ್ತಿರ, ಮುಟ್ಟಿದಂತೆಯೇ ಕಾಣುತ್ತವೆ. ಅದೇ ಮಾದರಿಯ, ಹತ್ತಿರದ ಕಾಲದ ಖಚಿತ ಅಸಲಿ ಫೋಟೊ ಪಕ್ಕಕ್ಕೆ ಇಟ್ಟುಕೊಳ್ಳಿ. ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ: ಅಸಲಿಯಲ್ಲಿ ಮೊದಲ ಎಲ್‌ನ ಕಂಬದಿಂದ ಕೊನೆಯ ಎನ್‌ನ ಬಲಗಡೆಯ ಕಂಬದವರೆಗೆ 900 ಪಿಕ್ಸೆಲ್, ಎರಡು ಟಿ ಕಂಬಗಳ ನಡುವೆ 54. ಭಾಗಿಸಿದರೆ 0.060. ನಿಮ್ಮ ಫೋಟೊದಲ್ಲಿ 760 ಮತ್ತು 57 ಬಂದರೆ 0.075. ಅಂಚು ಮಸುಕಾಗಿ 2 ಪಿಕ್ಸೆಲ್ ಆಚೀಚೆ ಆದರೂ ಅದು 0.072ಕ್ಕಿಂತ ಕೆಳಗಿಳಿಯದು, ಇದು ಬೇರೆ ಅಚ್ಚು. ಅದೇ ಫೋಟೊದಲ್ಲಿ ಹೆಸರಿನ ಅಗಲ 300 ಪಿಕ್ಸೆಲ್ ಮಾತ್ರ ಇದ್ದರೆ 2 ಪಿಕ್ಸೆಲ್ ತಪ್ಪೇ ವ್ಯತ್ಯಾಸದ ಸುಮಾರು ಅರ್ಧವನ್ನು ನುಂಗಿಬಿಡುತ್ತದೆ, ತೀರ್ಪು ಕೊಡಬಾರದು.

ಅಡ್ಡದ ಅಳತೆಯನ್ನು ಅಡ್ಡದ ಅಳತೆಯಿಂದಲೇ ಭಾಗಿಸುವುದಕ್ಕೆ ಕಾರಣವಿದೆ. ಫೋನ್ ಓರೆಯಾಗಿದ್ದರೆ ಎರಡೂ ಹೆಚ್ಚುಕಡಿಮೆ ಸಮನಾಗಿ ಕುಗ್ಗುತ್ತವೆ, ಅನುಪಾತ ಉಳಿಯುತ್ತದೆ. ಓ ಅಕ್ಷರ ದುಂಡಗಿದೆಯೇ ಎಂದು ನೋಡುವಾಗ ಈ ಅನುಕೂಲವಿಲ್ಲ. ಅಸಲಿಯಲ್ಲಿ ಓ ಹೆಚ್ಚುಕಡಿಮೆ ಪೂರ್ತಿ ವೃತ್ತ. ಆದರೆ 30 ಡಿಗ್ರಿ ಓರೆಯಾದ ಫೋಟೊದಲ್ಲಿ ವೃತ್ತದ ಅಗಲ 87 ಶೇಕಡಾಕ್ಕೆ ಇಳಿದು ಮೊಟ್ಟೆಯಾಕಾರ ಕಾಣುತ್ತದೆ. ಎಷ್ಟೋ ಜನ ಅಸಲಿ ವ್ಯಾಲೆಟ್ ಅನ್ನು ನಕಲಿ ಎಂದು ತಳ್ಳಿಹಾಕುವುದು ಇದೇ ಕಾರಣಕ್ಕೆ. ಬ್ಯಾಂಕ್ ಕಾರ್ಡ್ ಗಾತ್ರದ ಖಾಲಿ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಲೋಗೋ ಪಕ್ಕ ಇಡಿಸಿ. ಅದು 85.6 × 54 ಮಿ.ಮೀ., ಅನುಪಾತ 1.59. ಫೋಟೊದಲ್ಲೂ ಅಷ್ಟೇ ಬಂದರೆ ಮಾತ್ರ ಓ ನೋಡಿ ಮಾತಾಡಿ.

ಮಾರುವವರನ್ನು ಹೀಗೆ ಕೇಳಿ: ವ್ಯಾಲೆಟ್ ಮೇಜಿನ ಮೇಲೆ ಬಿಚ್ಚಿಟ್ಟು, ಫೋನನ್ನು 30 ಸೆಂ.ಮೀ. ಮೇಲೆ ನೇರವಾಗಿ ಹಿಡಿದು 2 ಅಥವಾ 3 ಪಟ್ಟು ಜೂಮ್‌ನಲ್ಲಿ ತೆಗೆಯಲಿ, ತೀರಾ ಹತ್ತಿರ ಹಿಡಿದರೆ ಅಂಚಿನ ಅಕ್ಷರಗಳು ಸೊಟ್ಟಗಾಗುತ್ತವೆ. ಫ್ಲ್ಯಾಶ್ ಬೇಡ. ಟಾರ್ಚನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಒಂದೇ ಎತ್ತರದಲ್ಲಿ ಹಿಡಿದ ಎರಡು ಫೋಟೊ ಬೇಕು. ಎರಡರಲ್ಲೂ ಎಲ್ಲಾ ಅಕ್ಷರಗಳ ನೆರಳು ಒಂದೇ ಅಗಲವಿದ್ದರೆ ಅಚ್ಚು ಸಮನಾಗಿ ಕೂತಿದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಇಲ್ಲದಿದ್ದರೆ ಕುಗ್ಗಿಸುವಾಗ ಅಕ್ಷರದ ಅಂಚೇ ಕರಗಿಹೋಗುತ್ತದೆ.

ಅಂತರ ತಪ್ಪಿದ್ದರೆ ಬೇಡ ಎಂದು ಧೈರ್ಯವಾಗಿ ಹೇಳಿ. ಸರಿಯಿದ್ದರೆ ಮಾತ್ರ ಹೊಲಿಗೆಯ ಫೋಟೊ, 2021ಕ್ಕಿಂತ ಹಳೆಯದಾದರೆ ಒಳಗಿನ ತಯಾರಿಕಾ ಕೋಡ್‌ನ ಫೋಟೊ ಕೇಳಿ, ಏಕೆಂದರೆ ಒಳ್ಳೆಯ ನಕಲಿಗಳು ಅಚ್ಚನ್ನು ಸರಿಯಾಗಿಯೇ ಕೊರೆಸಿರುತ್ತವೆ.