ಶೇ. 10ರ ಲೆಕ್ಕ

"ನಮ್ಮ ಯಜಮಾನರಿಗೆ ಮೈಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಹೋಗಿ ಎಂಟು ತಿಂಗಳಾಯಿತು. ನಾನು ಟೀಚರ್. ಮೊನ್ನೆ ನಮ್ಮ ಶಾಲೆಯ ತರಬೇತಿಯಲ್ಲಿ, ಸಂತೋಷದಲ್ಲಿ ಶೇ. 50 ಹುಟ್ಟುಗುಣ, ಶೇ. 40 ನಮ್ಮ ಕೈಲಿದೆ, ಪರಿಸ್ಥಿತಿಯದು ಬರೀ ಶೇ. 10 ಅಂದರು. 'ರೆಸಿಲಿಯನ್ಸ್', ಅಂದರೆ ಕಷ್ಟ ಬಿದ್ದರೂ ಮತ್ತೆ ಎದ್ದು ನಿಲ್ಲೋ ಶಕ್ತಿ, ಒಳಗಿನಿಂದ ಬರಬೇಕು ಅಂತಲೂ ಹೇಳಿದರು. ಮನೆಗೆ ಬಂದು ಇವರಿಗೆ ಹೇಳಿದೆ. 'ಹಾಗಾದ್ರೆ ತಪ್ಪು ನಂದೇನಾ?' ಅಂದರು. ಈ ಲೆಕ್ಕ ನಿಜವೇ?"
— ಓದುಗರೊಬ್ಬರು, ಮಂಡ್ಯ

ಅವರ ತಪ್ಪಲ್ಲ ಅಂತ ಇವತ್ತೇ ಹೇಳಿಬಿಡಿ, ತಾಯಿ. ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಲೆಕ್ಕವನ್ನು ತರಬೇತಿಯಲ್ಲಿ ಓದಿದ ರೀತಿಯೇ ತಪ್ಪು.

2005ರಲ್ಲಿ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಇನ್ನಿಬ್ಬರು ಅಮೆರಿಕದ ಸಂಶೋಧಕರು ಈ ಅಂಕಿಗಳನ್ನು ಕೊಟ್ಟರು. ಅವು ನಿಮ್ಮ ಯಜಮಾನರೊಬ್ಬರ ಸಂತೋಷವನ್ನು ಪಾಲು ಮಾಡಿದ ಅಂಕಿಗಳಲ್ಲ. ಒಂದು ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಯಾವುದರಿಂದ ಎಷ್ಟು ಬಂತು ಅನ್ನೋ ಅಂದಾಜು, ಅಷ್ಟೇ.

ನಿಮ್ಮೂರಿನ ಕಡೆಯ ಮಾತಲ್ಲೇ ಹೇಳುತ್ತೇನೆ. ವಿ.ಸಿ. ನಾಲೆಯ ಪಕ್ಕದ ಒಂದು ಕಬ್ಬಿನ ಗದ್ದೆ ಅಂದುಕೊಳ್ಳಿ. ಎಲ್ಲ ಸಾಲಿಗೂ ಒಂದೇ ಸಮ ನೀರು. ಆದರೂ ಒಂದು ಜಲ್ಲೆ ಎಂಟಡಿ, ಇನ್ನೊಂದು ಹತ್ತಡಿ. ಈ ವ್ಯತ್ಯಾಸದಲ್ಲಿ ನೀರಿನ ಪಾಲೆಷ್ಟು? ಸೊನ್ನೆ. ಎಲ್ಲಕ್ಕೂ ನೀರು ಸಮನಾಗಿತ್ತಲ್ಲ! ಹಾಗಂತ ಕಬ್ಬಿಗೆ ನೀರು ಬೇಡ ಅಂತ ಯಾರಾದರೂ ಹೇಳುತ್ತಾರಾ? ಈಗ ನಾಲೆಯ ಕೊನೇ ಭಾಗದ, ನೀರು ತಲುಪದೆ ಒಣಗಿದ ಗದ್ದೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ನೀರಿನ ಪಾಲು ಒಂದೇ ಸಲ ಮೇಲೇರುತ್ತದೆ. ಕಬ್ಬಿನ ಗುಣ ಬದಲಾಗಲಿಲ್ಲ. ಯಾವ ಗದ್ದೆಗಳನ್ನು ಅಳೆದೆವು ಅನ್ನೋದು ಬದಲಾಯಿತು. ಶೇ. 10 ಕೂಡ ಹೀಗೇ. ಅಳತೆಗೆ ಸಿಕ್ಕ ಜನರ ಬದುಕು ಹೆಚ್ಚುಕಮ್ಮಿ ಒಂದೇ ತರಹ ಇದ್ದರೆ ಪರಿಸ್ಥಿತಿಯ ಪಾಲು ಸಣ್ಣದಾಗಿಯೇ ಕಾಣುತ್ತದೆ.

ಇನ್ನು ಆ ಶೇ. 40. ಅದನ್ನು ಯಾರೂ ನೇರವಾಗಿ ಅಳೆದದ್ದಲ್ಲ. ನೂರರಲ್ಲಿ 50 ಮತ್ತು 10 ಕಳೆದರೆ ಉಳಿದದ್ದು. ಅಳತೆಯ ತಪ್ಪು, ಅದೃಷ್ಟ, ಲೆಕ್ಕಕ್ಕೆ ಬಾರದ ನೂರೆಂಟು ಸಂಗತಿ ಎಲ್ಲಾ ಅದರೊಳಗೇ ಸೇರಿವೆ. ನಿಕ್ ಬ್ರೌನ್ ಮತ್ತು ಜೂಲಿಯಾ ರೋರರ್ 2019ರಲ್ಲಿ ಇದನ್ನೆಲ್ಲ ಬಿಡಿಸಿ ತೋರಿಸಿದರು. ಮೂಲ ಲೇಖಕರಲ್ಲಿ ಇಬ್ಬರು ಈ ಟೀಕೆಯಲ್ಲಿ ಬಹಳಷ್ಟನ್ನು ಒಪ್ಪಿಕೊಂಡರು. ತರಬೇತಿಗಳಲ್ಲಿ ಮಾತ್ರ ಹಳೇ ಚಿತ್ರವೇ ಓಡುತ್ತಿದೆ. ನನಗೆ ಸಿಟ್ಟು ಬರೋದು ಇಲ್ಲಿ.

ಕೆಲಸ ಹೋದವರ ಬಗ್ಗೆಯೇ ಒಂದು ಅಧ್ಯಯನವಿದೆ. ಜರ್ಮನಿಯಲ್ಲಿ 24,000ಕ್ಕೂ ಹೆಚ್ಚು ಜನರನ್ನು 15 ವರ್ಷ ಕಾಲ ಕೇಳುತ್ತಾ ಬಂದ ಮಾಹಿತಿಯನ್ನು 2004ರಲ್ಲಿ ಪ್ರಕಟಿಸಿದರು. ಕೆಲಸ ಕಳೆದುಕೊಂಡವರ ತೃಪ್ತಿ ಇಳಿಯಿತು. ಮತ್ತೆ ಕೆಲಸ ಸಿಕ್ಕ ಮೇಲೂ ಸರಾಸರಿಯಲ್ಲಿ ಮೊದಲಿನ ಮಟ್ಟಕ್ಕೆ ಪೂರ್ತಿ ಬರಲಿಲ್ಲ. ಎಂಟು ತಿಂಗಳಿಗೆ ಒಬ್ಬರು ಕುಗ್ಗಿದ್ದಾರೆ ಅಂದರೆ ಅದು ದೌರ್ಬಲ್ಯವಲ್ಲ, ಬಿದ್ದ ಪೆಟ್ಟೇ ಅಷ್ಟು ದೊಡ್ಡದು.

ರೆಸಿಲಿಯನ್ಸ್ ಅನ್ನೋ ಮಾತು ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬಂತು ನೋಡಿ. ಹವಾಯಿಯ ಕೌವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತವರ ತಂಡ ದಶಕಗಳ ಕಾಲ ಗಮನಿಸಿತು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯ ಕಾಯಿಲೆ ಇಂಥ ನಾಲ್ಕಾರು ಕಷ್ಟ ಒಟ್ಟಿಗೆ ಬಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಚೆನ್ನಾಗಿ ಬೆಳೆದರು. ಹುಟ್ಟುಸ್ವಭಾವವೂ ಕೆಲವರಿಗೆ ನೆರವಾಯಿತು. ಅದರ ಜೊತೆಗೆ ಮತ್ತೆ ಮತ್ತೆ ಕಂಡದ್ದು ಒಬ್ಬ ಅಜ್ಜಿ, ಒಬ್ಬ ಮೇಷ್ಟ್ರು, ಒಬ್ಬ ನೆರೆಯವರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಎಷ್ಟೋ ಜನ ಆಮೇಲೆ ಸುಧಾರಿಸಿದರು. ಕಾಲೇಜು, ಸೇನೆಯ ನೌಕರಿ, ಒಳ್ಳೆಯ ಸಂಗಾತಿ ಸಿಕ್ಕಿದ್ದೇ ಅವರಲ್ಲಿ ಅನೇಕರ ತಿರುವು. ಬರೀ ಒಳಗಿನಿಂದ ಬಂದದ್ದಲ್ಲ, ಅಲ್ವಾ?

ಹಾಗಾಗಿ ನಿಮ್ಮ ಯಜಮಾನರನ್ನು "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅನ್ನುವ ಬದಲು ಬೇರೆ ಒಂದನ್ನು ಕೇಳಿ. ಹಳೇ ಶಿಫ್ಟಿನ ಗೆಳೆಯರು ಕೊನೇ ಸಲ ಮನೆಗೆ ಬಂದದ್ದು ಯಾವಾಗ? ಅವರಲ್ಲಿ ಒಬ್ಬರಿಗೆ ನೀವೇ ಫೋನ್ ಮಾಡಿ ಭಾನುವಾರ ಕಾಫಿಗೆ ಕರೆಯಿರಿ. ಅವರಿಗೆ ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸೇ ನಿಲ್ಲದಿದ್ದರೆ, ಅಥವಾ ಬದುಕು ಸಾಕು ಅನ್ನೋ ಮಾತು ಒಂದೇ ಸಲ ಬಂದರೂ, ಕಾಯಬೇಡಿ. ಮಿಮ್ಸ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

— ಸಂಪಾದಕ