‘ಫಿಟ್ಸ್ ಬಂತು, ಇಂಜೆಕ್ಷನ್ ಕೊಡಲಾಯಿತು’ ಎಂದು ಬರೆದರೆ ಸಾಲದೇ?

ಪ್ರಶ್ನೆ: ನಾನು ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಶುಶ್ರೂಷಕಿ. ರಾತ್ರಿ ಪಾಳಿಯಲ್ಲಿ ಒಬ್ಬ ರೋಗಿಗೆ ಫಿಟ್ಸ್ ಬಂತು. ಮಗ್ಗುಲಿಗೆ ಹೊರಳಿಸಿದೆ, ವೈದ್ಯರು ಹೇಳಿದ ಇಂಜೆಕ್ಷನ್ ಕೊಟ್ಟೆ. ಕೇಸ್ ಶೀಟಿನಲ್ಲಿ ‘ಜಿಟಿಸಿಎಸ್ ಬಂತು, ಲೊರಾಜೆಪಾಮ್ ಕೊಡಲಾಯಿತು, ರೋಗಿ ಸ್ಥಿರ’ ಎಂದು ಬರೆದೆ. ಬೆಳಿಗ್ಗೆ ಬಂದ ನರರೋಗ ತಜ್ಞರು ‘ಇದರಿಂದ ನನಗೇನೂ ತಿಳಿಯುವುದಿಲ್ಲ’ ಎಂದರು. ನಾನು ಇನ್ನೇನು ಬರೆಯಬೇಕಿತ್ತು?

ಉತ್ತರ: ಆರೈಕೆಯಲ್ಲಿ ನೀವು ತಪ್ಪಿಲ್ಲ, ಅದನ್ನು ಮೊದಲು ಹೇಳುತ್ತೇನೆ. ಕೊರತೆ ಇರುವುದು ಬರವಣಿಗೆಯಲ್ಲಿ. ರೋಗಿಯ ಸೆಳವನ್ನು ನರರೋಗ ತಜ್ಞರು ಕಣ್ಣಾರೆ ಕಾಣುವುದು ಅಪರೂಪ. ಅವರು ಬರುವ ಹೊತ್ತಿಗೆ ರೋಗಿ ಮಲಗಿರುತ್ತಾನೆ, ಅವನಿಗೆ ಏನೂ ನೆನಪಿರುವುದಿಲ್ಲ, ಮನೆಯವರು ಗಾಬರಿಯಲ್ಲಿ ಅರ್ಧ ಗಂಟೆ ನಡುಗಿದ ಎನ್ನುತ್ತಾರೆ. ಕೈಕಾಲು ಅದುರಿದ್ದು ಎರಡು ನಿಮಿಷ, ಉಳಿದದ್ದು ಆಮೇಲಿನ ಗಾಢ ನಿದ್ರೆ ಎಂದು ಬಿಡಿಸಿ ಹೇಳಬಲ್ಲವರು ನೀವು ಮಾತ್ರ.

‘ಜಿಟಿಸಿಎಸ್’ ಎಂಬುದು ಕಂಡದ್ದಲ್ಲ, ಕಂಡದ್ದರಿಂದ ಮಾಡಿದ ತೀರ್ಮಾನ. ಹಾಗೆ ಕರೆಯುವ, ಇಡೀ ಮೈ ಬಿಗಿದು ಅದುರುವ ಸೆಳವು ಎರಡು ಬಗೆಯಲ್ಲಿ ಬರಬಹುದು. ಮೊದಲ ಕ್ಷಣದಿಂದಲೇ ಮೆದುಳಿನ ಎರಡೂ ಪಾರ್ಶ್ವಗಳನ್ನು ಆವರಿಸುವುದು ಒಂದು. ಒಂದು ಕಡೆ ಶುರುವಾಗಿ ಆಮೇಲೆ ಇಡೀ ಮೆದುಳಿಗೆ ಹರಡುವುದು ಇನ್ನೊಂದು. ಅರ್ಧ ನಿಮಿಷ ಕಳೆದ ಮೇಲೆ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಉಳಿಯುವುದು ಮೊದಲ ಕೆಲವು ಸೆಕೆಂಡುಗಳಲ್ಲಿ: ಯಾವ ಕೈ ಮೊದಲು ಅದುರಿತು, ತಲೆ ಮತ್ತು ಕಣ್ಣು ಯಾವ ಕಡೆಗೆ ವಾಲಿದವು, ಅದಕ್ಕೂ ಮುಂಚೆ ರೋಗಿ ಬಟ್ಟೆ ಹಿಸುಕುತ್ತಾ ತುಟಿ ಚಪ್ಪರಿಸುತ್ತಾ ಶೂನ್ಯ ನೋಟ ಬೀರಿದನೇ.

ಇದರ ಮೇಲೆ ಔಷಧಿಯ ಆಯ್ಕೆ ನಿಂತಿರುತ್ತದೆ. ಕಾರ್ಬಮಜೆಪಿನ್ ಒಂದು ಕಡೆಯಿಂದ ಶುರುವಾಗುವ ಸೆಳವಿಗೆ ಒಳ್ಳೆಯ ಮದ್ದು. ಅದೇ ಮದ್ದು, ಮಕ್ಕಳಲ್ಲಿ ಕೆಲವು ಸೆಕೆಂಡು ಮಾತು ನಿಂತು ನೋಟ ಸ್ತಬ್ಧವಾಗುವ ಆಬ್ಸೆನ್ಸ್ ಸೆಳವನ್ನು ಹೆಚ್ಚಿಸಬಹುದು. ಬೆಳಗಿನ ಹೊತ್ತು ಕೈಯಲ್ಲಿದ್ದ ಲೋಟ ಹಾರಿಹೋಗುವಂತೆ ಮೈ ಬೆಚ್ಚುವ ಮಯೋಕ್ಲೋನಿಕ್ ಸೆಳವನ್ನೂ ಹೆಚ್ಚಿಸಬಹುದು. ಆದ್ದರಿಂದ ಹೆಸರಿಡುವ ಕೆಲಸವನ್ನು ವೈದ್ಯರಿಗೆ ಬಿಟ್ಟು, ನೀವು ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯಿರಿ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. 60 ಕಿಲೋ ತೂಕದ ರೋಗಿ, ಹಳೆಯ ಮೂರ್ಛೆರೋಗ, ದಿನಕ್ಕೆರಡು ಬಾರಿ ಲೆವೆಟಿರಾಸಿಟಮ್ 500 ಮಿಲಿಗ್ರಾಂ. ಬೆಳಿಗ್ಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಇದ್ದುದರಿಂದ ಬಾಯಿಗೆ ಏನೂ ಕೊಡಬಾರದೆಂಬ ಸೂಚನೆಯಿದೆ. ಬೆಳಗಿನ ಜಾವ 4:10ಕ್ಕೆ ಪಕ್ಕದ ಮಂಚದವರು ಕೂಗುತ್ತಾರೆ.

ನೀವು ಓಡುವಾಗಲೇ ಗಡಿಯಾರ ನೋಡಬೇಕು, ಮುಂದಿನ ಎಲ್ಲ ನಿರ್ಧಾರಗಳಿಗೂ ಅದೇ ಆಧಾರ. ತಲೆಯಡಿ ಮೆತ್ತನೆಯದನ್ನಿಟ್ಟು, ಕತ್ತಿನ ಗುಂಡಿ ಸಡಿಲಿಸಿ, ಮಗ್ಗುಲಿಗೆ ಹೊರಳಿಸಿ, ಮಂಚದ ಕಂಬಿ ಏರಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು, ಹಾಗೆ ಮಾಡಿದರೆ ಭುಜದ ಕೀಲು ತಪ್ಪಬಹುದು. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದನ್ನೂ ತುರುಕಬಾರದು. ನಾಲಿಗೆ ಕಚ್ಚಿದ ಗಾಯ ವಾಸಿಯಾಗುತ್ತದೆ, ಮುರಿದ ಹಲ್ಲು ಶ್ವಾಸನಾಳಕ್ಕಿಳಿದರೆ ಕೆಲಸ ಕೆಟ್ಟಿತು. ಆಮ್ಲಜನಕ ಹಚ್ಚಿ, ಜೊಲ್ಲು ತುಂಬಿದ್ದರೆ ಕೆನ್ನೆಯ ಬದಿಯಿಂದ ಹೀರಿ ತೆಗೆದು, ಬೆರಳ ತುದಿಯ ರಕ್ತದಿಂದ ಸಕ್ಕರೆ ನೋಡಬೇಕು. ಹಳೆಯ ಮೂರ್ಛೆರೋಗಿ ಎಂಬ ಕಾರಣಕ್ಕೆ ಸಕ್ಕರೆ ಪರೀಕ್ಷೆಯನ್ನು ಬಿಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅದು ಸರಿಯಲ್ಲ, ಇವನಂತೂ ಉಪವಾಸದಲ್ಲಿದ್ದಾನೆ.

ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ, ಅಲ್ಲಿಂದ ಅದು ಸ್ಟೇಟಸ್ ಎಪಿಲೆಪ್ಟಿಕಸ್ ಎಂಬ ತುರ್ತುಸ್ಥಿತಿ. ನಡುವೆ ಎಚ್ಚರವಾಗದೆ ಮತ್ತೆ ಮತ್ತೆ ಬರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ. ನಮ್ಮ ರೋಗಿಗೆ 4:15ಕ್ಕೂ ಅದುರು ನಿಂತಿಲ್ಲ. ಲೊರಾಜೆಪಾಮ್ ಪ್ರಮಾಣ ಕಿಲೋಗೆ 0.1 ಮಿಲಿಗ್ರಾಂ. ಲೆಕ್ಕಕ್ಕೆ 6 ಮಿಲಿಗ್ರಾಂ ಬಂದರೂ ಒಂದು ಸಲಕ್ಕೆ 4 ಮಿಲಿಗ್ರಾಂ ಮೀರುವುದಿಲ್ಲ. ವೈದ್ಯರ ಆದೇಶದಂತೆ 4 ಮಿಲಿಗ್ರಾಂ ಅನ್ನು ರಕ್ತನಾಳಕ್ಕೆ ಎರಡು ನಿಮಿಷದಲ್ಲಿ ನಿಧಾನವಾಗಿ ಕೊಡುತ್ತೀರಿ. 4:19ಕ್ಕೆ ಅದುರು ನಿಲ್ಲುತ್ತದೆ. ಇನ್ನು ಉಸಿರಾಟದ ಮೇಲೆ ಕಣ್ಣಿಡಬೇಕು, ಈ ಔಷಧಿ ಅದನ್ನು ಕುಗ್ಗಿಸಬಲ್ಲದು.

ಈಗ ಟಿಪ್ಪಣಿ. ನಾನಾದರೆ ಹೀಗೆ ಬರೆಯುತ್ತೇನೆ:

“4:10 – ಪಕ್ಕದ ರೋಗಿಯ ಕೂಗು ಕೇಳಿ ತಲುಪಿದೆ. ಆರಂಭವನ್ನು ನಾನು ನೋಡಿಲ್ಲ. ಎಡಗೈ ಮೊದಲು ಅದುರಿತು ಎಂದು ಪಕ್ಕದ ರೋಗಿ ಹೇಳಿದರು. ನಾನು ನೋಡಿದಾಗ ತಲೆ, ಕಣ್ಣು ಎಡಕ್ಕೆ ವಾಲಿದ್ದವು, ಕಣ್ಣು ತೆರೆದಿತ್ತು, ಕರೆದರೆ ಓಗೊಡಲಿಲ್ಲ. ಸುಮಾರು 20 ಸೆಕೆಂಡಿನಲ್ಲಿ ನಾಲ್ಕೂ ಕೈಕಾಲು ಬಿಗಿದು ಅದುರಿದವು. ತುಟಿ ನೀಲಿ, ಆಮ್ಲಜನಕ ಪ್ರಮಾಣ 84%. ಮೂತ್ರ ಹೋಯಿತು. 4:12 – ವೈದ್ಯರಿಗೆ ತಿಳಿಸಿದೆ, ಸಕ್ಕರೆ 104. 4:15 – ಲೊರಾಜೆಪಾಮ್ 4 ಮಿಲಿಗ್ರಾಂ. 4:19 – ಅದುರು ನಿಂತಿತು. 4:25 – ನೋವಿಗೆ ಬಲಗೈ ಎಳೆದುಕೊಂಡರು, ಎಡಗೈ ಅಲುಗಿಸಲಿಲ್ಲ. 4:50 – ಹೆಸರು ಹೇಳಿದರು, ಎಡಗೈ ಹಿಡಿತ ಇನ್ನೂ ದುರ್ಬಲ. ನಾಲಿಗೆಯ ಬದಿಯಲ್ಲಿ ಗಾಯ. ರಾತ್ರಿ 9ರ ಲೆವೆಟಿರಾಸಿಟಮ್ ಕೊಟ್ಟಿಲ್ಲ, ಕಾರಣ ಉಪವಾಸದ ಸೂಚನೆ.”

ಈ ಟಿಪ್ಪಣಿ ಓದಿದ ವೈದ್ಯರಿಗೆ ಆರಂಭ ಬಹುಶಃ ಬಲ ಮೆದುಳಿನಲ್ಲಿ ಎಂಬ ಸುಳಿವು ಸಿಗುತ್ತದೆ. ಸೆಳವಿನ ನಂತರ ಕೆಲಕಾಲ ಒಂದು ಬದಿ ಸೋಲುವುದಕ್ಕೆ ಟಾಡ್ ಪಾರ್ಶ್ವಬಲಹೀನತೆ ಎನ್ನುತ್ತಾರೆ. ಹೊತ್ತು ಕಳೆದಂತೆ ಶಕ್ತಿ ಮರಳುತ್ತದೆಯೋ ಇಲ್ಲವೋ ಎಂಬುದು ಪಾರ್ಶ್ವವಾಯುವಿನ ಅನುಮಾನಕ್ಕೆ ಉತ್ತರ ಹುಡುಕಲು ನೆರವಾಗುತ್ತದೆ. ಅದಕ್ಕೇ 4:25 ಮತ್ತು 4:50ರ ಎರಡು ಸಾಲುಗಳು ಬೇಕಾದವು. ‘ರೋಗಿ ಸ್ಥಿರ’ ಎಂಬ ಪದದಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಅದುರು ನಿಂತ ಮೇಲೂ ಎಚ್ಚರ ಮರಳುತ್ತಿಲ್ಲವಾದರೆ ಒಳಗೆ ಸೆಳವು ಮುಂದುವರಿದಿರಬಹುದು, ಇಇಜಿ ಬೇಕಾಗುತ್ತದೆ. ಅದನ್ನು ಮೊದಲು ಗುರುತಿಸಬಲ್ಲವರೂ ನೀವೇ.

ನಂತರ ಸೆಳವು ತಡೆಯುವ ಫೆನಿಟಾಯಿನ್ ಬರೆದಿದ್ದರೆ ಕೊಡುವ ವೇಗವನ್ನೂ ದಾಖಲಿಸಬೇಕು. ಕಿಲೋಗೆ 20ರಂತೆ ಇವನಿಗೆ 1,200 ಮಿಲಿಗ್ರಾಂ. ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದಾದ್ದರಿಂದ ಕನಿಷ್ಠ 24 ನಿಮಿಷ ಬೇಕು. ಅವಸರ ಮಾಡಿದರೆ ರಕ್ತದೊತ್ತಡ ಕುಸಿಯುತ್ತದೆ, ಹೃದಯದ ಲಯ ತಪ್ಪುತ್ತದೆ. ಹಾಗಾಗಿ ಇಸಿಜಿ ಮಾನಿಟರ್ ಹಚ್ಚಿಯೇ ಕೊಡಬೇಕು. ನಾರ್ಮಲ್ ಸಲೈನ್‌ನಲ್ಲಿ ಮಾತ್ರ ಬೆರೆಸಬೇಕು, ಡೆಕ್ಸ್‌ಟ್ರೋಸ್‌ನಲ್ಲಿ ಅದು ಹರಳುಗಟ್ಟುತ್ತದೆ. ದೊಡ್ಡ ರಕ್ತನಾಳ ಆರಿಸಿ, ಸೂಜಿ ಚುಚ್ಚಿದ ಜಾಗವನ್ನು ನೋಡುತ್ತಿರಬೇಕು. ಕೈ ಊದಿ ನೇರಳೆ ಬಣ್ಣಕ್ಕೆ ತಿರುಗತೊಡಗಿದರೆ ತಕ್ಷಣ ನಿಲ್ಲಿಸಿ ತಿಳಿಸಬೇಕು. ಶುರು ಮಾಡಿದ ಹೊತ್ತು, ಮುಗಿದ ಹೊತ್ತು, ನಡುವಿನ ರಕ್ತದೊತ್ತಡ, ಜಾಗದ ಸ್ಥಿತಿ – ಈ ನಾಲ್ಕೂ ಶೀಟಿನಲ್ಲಿ ಇರಲಿ.

ಟಿಪ್ಪಣಿಯ ಕೊನೆಯ ಸಾಲನ್ನು ಬರೆಯಲು ಹಿಂಜರಿಕೆಯಾಗುತ್ತದೆ, ನನಗೆ ಗೊತ್ತು. ತಪ್ಪು ನಮ್ಮ ಪಾಳಿಯದು ಎಂದಾಗುತ್ತದೆ ಎಂಬ ಭಯ. ಆದರೆ ಆ ಸಾಲು ಇಲ್ಲದಿದ್ದರೆ ಇರುವ ಔಷಧಿ ಕೆಲಸ ಮಾಡುತ್ತಿಲ್ಲವೆಂದು ಬಗೆದು ಇನ್ನೊಂದನ್ನು ಸೇರಿಸುತ್ತಾರೆ, ರೋಗಿ ಅದನ್ನು ವರ್ಷಗಟ್ಟಲೆ ನುಂಗುತ್ತಾನೆ. ಉಪವಾಸದ ಸೂಚನೆಯಿದ್ದಾಗಲೂ ಮೂರ್ಛೆರೋಗದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ಕೊಡುತ್ತಾರೆ. ಅದೂ ಬೇಡವೆಂದಾದರೆ ಲೆವೆಟಿರಾಸಿಟಮ್ ಅಷ್ಟೇ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡಲು ಸಿಗುತ್ತದೆ. ಮುಂದಿನ ಸಲ ಮಾತ್ರೆಯ ಚಾರ್ಟಿನಲ್ಲಿ ‘ಉಪವಾಸ’ ಎಂದು ಗೀಟು ಎಳೆಯುವ ಮುನ್ನವೇ ಅರಿವಳಿಕೆ ವೈದ್ಯರಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಹೊತ್ತಿನ ಸಮೇತ ಬರೆದಿಡಿ.