ಮಾಡ್ ಇದ್ರೆ ಇಂಟರ್ವಲ್ ಒಡೀಲೇಬೇಕಾ?

ಪ್ರಶ್ನೆ: "ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಮಾಡ್ ಬಂದ್ರೆ ಪ್ರತಿ ಸಲ ಇಂಟರ್ವಲ್ ಒಡೀಬೇಕಾ? ಮಾಡ್ ಬಿಟ್ಟು ಲೆಕ್ಕ ಮಾಡಿ, ಕೊನೆಗೆ ಉತ್ತರಕ್ಕೆ ಮಾಡ್ ಹಾಕಿದ್ರೆ ಆಗಲ್ವಾ? ಸಿಇಟಿಯಲ್ಲಿ ಟೈಮ್ ಸಿಗಲ್ಲ."

ಇದೇ ಜಾಣತನ ಮಾಡಿ ನಾನು ಬೆಳಿಗ್ಗೆ ಆರು ಗಂಟೆ ಬ್ಯಾಚಿಗೆ ಬಿದ್ದವನು.

ನಮ್ಮೂರು ಗದಗ ಕಡೆ. ಪಿಯುಸಿ ಎರಡನೇ ವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೆ. ಟ್ಯೂಷನ್‌ನಲ್ಲಿ ಒಂದು ಟೆಸ್ಟ್ ಇಟ್ಟು, ಮಾರ್ಕ್ಸ್ ನೋಡಿ ಬ್ಯಾಚ್ ಮಾಡುತ್ತಿದ್ದರು. ಸಂಜೆ ಬ್ಯಾಚ್ ನನಗೆ ಒಂದೇ ಮಾರ್ಕಿನಲ್ಲಿ ತಪ್ಪಿತು. ಆ ಒಂದು ಮಾರ್ಕಿನ ಲೆಕ್ಕ ಇದು: |x² − 4x + 3|, 0 ಇಂದ 4ರವರೆಗೆ ಇಂಟಿಗ್ರೇಟ್ ಮಾಡಿ.

ನನ್ನ ತಲೆಯಲ್ಲಿ ಕೂತಿದ್ದು "ಮಾಡ್ ಸೊನ್ನೆಯಲ್ಲಿ ತಿರುಗುತ್ತದೆ" ಅನ್ನೋ ಒಂದು ಮಾತು. |x| ನೋಡಿ ನೋಡಿ ಕಲಿತದ್ದು. ಹಾಗಾಗಿ ಸೊನ್ನೆ ಅಂದರೆ x = 0 ಅಂತ ತಿಳಿದಿದ್ದೆ. ಇಲ್ಲಿ 0 ಇಂಟರ್ವಲ್ಲಿನ ತುದಿಯಲ್ಲೇ ಇದೆ, ಒಡೆಯೋದೇನೂ ಇಲ್ಲ ಅಂದುಕೊಂಡು ಮಾಡ್ ತೆಗೆದೇಬಿಟ್ಟೆ. F(x) = x³/3 − 2x² + 3x. F(4) = 4/3, F(0) = 0. ಉತ್ತರ 4/3. ಆಪ್ಷನ್‌ನಲ್ಲೂ 4/3 ಇತ್ತು! ಇಟ್ಟವರಿಗೆ ನಮ್ಮಂಥವರು ಬರುತ್ತಾರೆ ಅಂತ ಗೊತ್ತಿತ್ತು. ಮೈನಸ್ ಬಂದಿದ್ದರೆ ಅನುಮಾನ ಬರುತ್ತಿತ್ತು, ಪ್ಲಸ್ ಬಂತು ನೋಡಿ, ಸುಮ್ನೆ ಗುರುತು ಹಾಕಿ ಮುಂದೆ ಹೋದೆ. ಕೊನೆಗೆ ಮಾಡ್ ಹಾಕುವ ನಿಮ್ಮ ಉಪಾಯವೂ ಇಲ್ಲಿ ಕೊಡೋದು ಇದೇ 4/3.

ಪೇಪರ್ ತಗೊಂಡು ಸರ್ ಹತ್ತಿರ ಜಗಳಕ್ಕೆ ಹೋದೆ. ಅವರು ಮಾತಾಡಲಿಲ್ಲ, ರಫ್ ಶೀಟಿನ ಮೂಲೆಯಲ್ಲಿ ಒಂದು ಗೆರೆ ಎಳೆದರು. 0ಯಲ್ಲಿ ಎತ್ತರ 3, 1ರಲ್ಲಿ ನೆಲ ಮುಟ್ಟುತ್ತದೆ, 2ರಲ್ಲಿ −1ಕ್ಕೆ ಇಳಿಯುತ್ತದೆ, 3ರಲ್ಲಿ ಮತ್ತೆ ನೆಲಕ್ಕೆ ಬಂದು 4ರಲ್ಲಿ 3ಕ್ಕೆ ಏರುತ್ತದೆ. "ಅಲ್ಲೋ ತಮ್ಮಾ, ಈ ನಡುವಿನ ತೆಗ್ಗು ಎಲ್ಲಿ ಹೋತು?" ಅಂದರು.

ತೆಗ್ಗು ಹೋಗಿದ್ದು ಹೀಗೆ. 0 ಇಂದ 1ರವರೆಗೆ 4/3. 1 ಇಂದ 3ರವರೆಗೆ, F(3) − F(1) = 0 − 4/3, ಅಂದರೆ −4/3. 3 ಇಂದ 4ರವರೆಗೆ ಮತ್ತೆ 4/3. ನಡುವಿನ ತುಂಡು ಮೊದಲನೇ ತುಂಡನ್ನು ಪೂರ್ತಿ ತಿಂದುಹಾಕಿತ್ತು, ಉಳಿದಿದ್ದು ಕೊನೆಯದು ಮಾತ್ರ. ಎಲ್ಲಾ ಕೂಡಿಸಿದ ಮೇಲೆ ಮಾಡ್ ಹಾಕಿದರೆ ತಿಂದದ್ದು ವಾಪಸ್ ಬರಲ್ಲ ಅಲ್ವಾ? ಮಾಡ್ ಕೆಲಸ ಮಾಡೋದು ಒಳಗೆ, ಆ ತೆಗ್ಗನ್ನು ಮೇಲಕ್ಕೆ ಮಗುಚೋದು. ಮಗುಚಿದರೆ 4/3 + 4/3 + 4/3 = 4. ಇದೇ ಸರಿ ಉತ್ತರ.

ನನ್ನ ತಪ್ಪು ಇಂಟಿಗ್ರೇಷನ್‌ನದ್ದಲ್ಲ. ಮಾಡ್ ತಿರುಗೋದು x ಸೊನ್ನೆಯಾದಾಗ ಅಲ್ಲ, ಮಾಡ್ ಒಳಗಿರೋದು ಸೊನ್ನೆಯಾಗಿ ಚಿಹ್ನೆ ಬದಲಿಸಿದಾಗ. ಇಲ್ಲಿ (x − 1)(x − 3) = 0, ಅಂದರೆ 1 ಮತ್ತು 3. ಆಮೇಲೆ ಪ್ರತಿ ತುಂಡಿನಿಂದ ಒಂದೊಂದು ಸಂಖ್ಯೆ ಹಾಕಿ ನೋಡಿ. x = 2 ಹಾಕಿದರೆ 4 − 8 + 3 = −1, ಹಾಗಾಗಿ ಆ ತುಂಡಿಗೆ ಮಾತ್ರ ಮೈನಸ್ ಹಾಕಬೇಕು. ಒಡೆದು, ಮೈನಸ್ ಹಾಕೋದು ಮರೆತರೆ ಮತ್ತೆ ಅದೇ 4/3! ನನ್ನ ರೂಮ್‌ಮೇಟ್ ಅದನ್ನೂ ಮಾಡಿ ತೋರಿಸಿದ.

ಟೈಮ್ ಸಿಗಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಒಡೆದರೂ ಇಂಟಿಗ್ರೇಟ್ ಮಾಡೋದು ಒಂದೇ ಸಲ. F(0) ಮತ್ತು F(4) ಹೇಗೂ ಬೇಕು, ಜಾಸ್ತಿ ಬೇಕಾಗಿದ್ದು F(1) ಮತ್ತು F(3) ಅಷ್ಟೇ. ಪ್ರತಿ ಸಲ ಒಡೀಬೇಕು ಅಂತಲೂ ಇಲ್ಲ. ಇದೇ ಲೆಕ್ಕ 5 ಇಂದ 7ರವರೆಗೆ ಕೊಟ್ಟರೆ 1, 3 ಎರಡೂ ಹೊರಗಿವೆ, ಒಳಗಿರೋದು ಪ್ಲಸ್. ಮಾಡ್ ತೆಗೆದು ಹಾಗೇ ಮಾಡಿ.

ಉತ್ತರ ಅನುಮಾನ ಬಂದರೆ ಸುಮಾರಾಗಿ ಅಳೆದು ನೋಡಬಹುದು. 0 ಇಂದ 1ರ ತುಂಡು ಎತ್ತರ 3, ಅಗಲ 1ರ ತ್ರಿಕೋನದ ಹತ್ತಿರ ಇದೆ, ಅಂದರೆ ಒಂದೂವರೆಗಿಂತ ಸ್ವಲ್ಪ ಕಮ್ಮಿ. ಮೊದಲ ತುಂಡೇ ಅಷ್ಟಿದ್ದರೆ ಮೂರೂ ತುಂಡು ಸೇರಿ 4/3 ಹೇಗಾಗುತ್ತದೆ? ಟೆಸ್ಟ್ ದಿನ ನನಗೆ ಇದು ಹೊಳೆಯಲಿಲ್ಲ.

ತುಂಡು ತುಂಡಾಗಿ ಕೊಟ್ಟ ಫಂಕ್ಷನ್‌ನಲ್ಲಿ ಮಾತ್ರ ಸೊನ್ನೆ ಹುಡುಕಬೇಡಿ. x < 2 ಇದ್ದಾಗ x², ಆಮೇಲೆ 5 ಅಂತ ಇದ್ದರೆ ಒಡೆಯೋದು 2ರಲ್ಲೇ. 0 ಇಂದ 3ರವರೆಗೆ 8/3 + 5 = 23/3. ಸರಿಯಾಗಿ 2ರಲ್ಲಿ ಬೆಲೆ 4 ಇದ್ದರೂ 5 ಇದ್ದರೂ ಉತ್ತರ ಬದಲಾಗಲ್ಲ, ಒಂದು ಬಿಂದುವಿಗೆ ಅಗಲ ಇಲ್ಲ. ಇದನ್ನು ಕಲಿತದ್ದು ಆರು ಗಂಟೆ ಬ್ಯಾಚಿನಲ್ಲಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಒದ್ದೆ ಚಪ್ಪಲಿ ಬೆಂಚಿನ ಕೆಳಗಿಟ್ಟುಕೊಂಡು.